ರಚ್ಚೆಯಲ್ಲಿ ಕೋಪ, ದುಃಖ: ಅಂಗಡಿಯಲ್ಲಿ ಹೊರಳಾಡುವ ಮಗು ಮತ್ತು ಹೆತ್ತವರ ಪ್ರತಿಕ್ರಿಯೆ

ಎರಡು ವರ್ಷದ ಮಗು ಅಂಗಡಿಯ ನೆಲದ ಮೇಲೆ ಹೊರಳಾಡಿ ಅರಚಿದಾಗ ನೋಡುವವರಿಗೆ ಕಾಣುವುದು ಹಠ ಮಾತ್ರ. ಮೈಕೆಲ್ ಪೊಟೆಗಲ್ ಮತ್ತು ರಿಚರ್ಡ್ ಡೇವಿಡ್ಸನ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನು ಹೇಳುತ್ತದೆ. 18ರಿಂದ 60 ತಿಂಗಳ ಮಕ್ಕಳ ರಚ್ಚೆಯ ಬಗ್ಗೆ ಅಮೆರಿಕದ ಹೆತ್ತವರು ಬರೆದುಕೊಟ್ಟ ವಿವರಗಳನ್ನು ಅವರು ವಿಶ್ಲೇಷಿಸಿದರು. ಒದೆಯುವುದು, ಕಿರುಚುವುದು ಮುಂತಾದ ಕೋಪದ ವರ್ತನೆಗಳು ಬೇಗ ಏರಿ ಬೇಗ ಇಳಿಯುತ್ತವೆ; ಅಳು, ಗೋಗರೆತ, ಆಸರೆಯ ಹುಡುಕಾಟ ಕೊನೆಯ ಕಡೆಗೆ ಹೆಚ್ಚುತ್ತವೆ. ಮುಕ್ಕಾಲು ಪಾಲು ರಚ್ಚೆಗಳು ಐದು ನಿಮಿಷದೊಳಗೇ ಮುಗಿದಿದ್ದವು. ಹಾಗಾಗಿ ಹೆತ್ತವರು ಏನು ಮಾಡಬೇಕೆಂಬುದನ್ನು ಆ ಗಳಿಗೆಯಲ್ಲಿ ಯಾವ ಭಾವ ಮೇಲಾಗಿದೆ ಎಂಬುದು ನಿರ್ಧರಿಸಬೇಕು, ಸುತ್ತ ನಿಂತವರ ನೋಟವಲ್ಲ.

ಬಿಲ್ಲಿಂಗ್ ಕೌಂಟರ್ ಪಕ್ಕದ ಚಾಕೊಲೇಟಿಗಾಗಿ ಶುರುವಾದ ರಚ್ಚೆಯನ್ನು ತೆಗೆದುಕೊಳ್ಳೋಣ. ಹಸಿವು, ನಿದ್ದೆಗೇಡು ಮೊದಲೇ ಇದ್ದರೆ ಆಸೆಯನ್ನು ತಡೆದುಕೊಳ್ಳುವ ಮಗುವಿನ ಶಕ್ತಿ, ಮೊದಲೇ ಎಳೆಯದು, ಇನ್ನೂ ಕುಗ್ಗಿರುತ್ತದೆ. ಕೋಪ ಏರಿದಾಗ ಕಾರಣ ವಿವರಿಸುವುದು, "ಯಾಕೆ ಹೀಗೆ ಮಾಡ್ತೀಯ?" ಎಂದು ಕೇಳುವುದು ಉರಿಗೆ ತುಪ್ಪ ಸುರಿದಂತೆ. "ಇವತ್ತು ಚಾಕೊಲೇಟ್ ಇಲ್ಲ ಕಂದ" ಎಂದು ಒಮ್ಮೆ ಮೆಲ್ಲಗೆ ಹೇಳಿ, ಮಗುವನ್ನು ದಾರಿಯಿಂದ ಬದಿಗೆ ಕರೆದೊಯ್ದು, ತಲೆ ಬಡಿಯದಂತೆ ನೋಡಿಕೊಂಡು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರೆ ಸಾಕು. ಕಿರುಚಾಟ ಒಡೆದು ಬಿಕ್ಕಳಿಕೆಯಾದಾಗ, ಮಗು ಮುಖ ನೋಡಿದಾಗ ಅಥವಾ ಕೈ ಚಾಚಿದಾಗ, ಎತ್ತಿಕೊಳ್ಳುವ ಹೊತ್ತು ಬಂದಿದೆ. ಅದಕ್ಕೂ ಮೊದಲು ಬಿಗಿಯಾಗಿ ಹಿಡಿದರೆ ಹಲವು ಮಕ್ಕಳು ಇನ್ನಷ್ಟು ಕೊಸರಾಡುತ್ತವೆ.

ಹೀಗೆ ಎತ್ತಿಕೊಂಡರೆ ರಚ್ಚೆಗೆ ಬಹುಮಾನ ಕೊಟ್ಟಂತಲ್ಲವೇ ಎಂಬ ಆಕ್ಷೇಪಕ್ಕೆ ಬಲವಿದೆ, ಏಕೆಂದರೆ ಫಲ ಸಿಕ್ಕಿದ ವರ್ತನೆ ಮರುಕಳಿಸುತ್ತದೆ. ಆದರೆ ಮಗು ಬೇಡಿದ್ದು ಚಾಕೊಲೇಟ್. ಅದು ಸಿಗದಿರುವವರೆಗೆ ಬೇಡಿಕೆಗೆ ಫಲವಿಲ್ಲ, ಸಂತೈಸಿದ್ದು ದುಃಖವನ್ನು ಮಾತ್ರ. ನಿಜವಾಗಿ ಕೆಡಿಸುವುದು ಹತ್ತು ಸಲ ನಿರಾಕರಿಸಿ ಹನ್ನೊಂದನೆಯ ಸಲ ನಾಚಿಕೆಗೆ ಸೋತು ಕೊಡುವುದು. ಆಗೀಗ ಮಾತ್ರ ಫಲ ಸಿಗುವ ವರ್ತನೆ ಸುಲಭಕ್ಕೆ ಅಳಿಯುವುದಿಲ್ಲ ಎಂಬುದು ಕಲಿಕೆಯ ಮನೋವಿಜ್ಞಾನದಲ್ಲಿ ಚೆನ್ನಾಗಿ ಸ್ಥಾಪಿತವಾದ ಸಂಗತಿ. ನಮ್ಮ ಅಂಗಡಿಗಳಲ್ಲಿ ಈ ಸೋಲು ಹೆತ್ತವರಿಂದಲೇ ಬರಬೇಕೆಂದಿಲ್ಲ. "ಪಾಪ, ಅಳಿಸಬೇಡಿ" ಎಂದು ಅಜ್ಜಿಯೋ ಅಂಗಡಿಯವರೋ ಅದೇ ಚಾಕೊಲೇಟನ್ನು ಕೈಗಿಡುವುದುಂಟು. "ಐದು ನಿಮಿಷ ಬಿಡಿ, ಸರಿಹೋಗ್ತಾಳೆ" ಎಂದು ಅವರಿಗೆ ಗೌರವದಿಂದಲೇ ಹೇಳಬಹುದು.

2003ರ ಅಧ್ಯಯನ ಹೆತ್ತವರ ನೆನಪನ್ನು ಅವಲಂಬಿಸಿತ್ತು ಎಂಬ ಟೀಕೆಯೂ ಸರಿಯೇ. ಮಕ್ಕಳ ಬಟ್ಟೆಯಲ್ಲಿ ಮೈಕ್ ಇಟ್ಟು ಧ್ವನಿ ದಾಖಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನ, ಕೋಪ ಮುಗಿದ ಮೇಲೆ ದುಃಖ ಎಂಬ ಸರಳ ಚಿತ್ರವನ್ನು ತಿದ್ದಿ, ಎರಡೂ ಹೆಣೆದುಕೊಂಡೇ ಇರುತ್ತವೆ ಎಂದು ತೋರಿಸಿತು. ಆದ್ದರಿಂದ ಗಡಿಯಾರ ನೋಡುವುದಕ್ಕಿಂತ ಮಗುವಿನ ದನಿಗೆ ಕಿವಿಗೊಡುವುದು ಮೇಲು. ರಚ್ಚೆಗಳು ಸಾಮಾನ್ಯವಾಗಿ 25 ನಿಮಿಷ ಮೀರುತ್ತಿದ್ದರೆ ಅಥವಾ ಮಗು ಮತ್ತೆ ಮತ್ತೆ ತನ್ನನ್ನೇ ಗಾಯಗೊಳಿಸಿಕೊಳ್ಳುತ್ತಿದ್ದರೆ, ಈ ಕ್ರಮ ಸಾಲದು. ಮಕ್ಕಳ ವೈದ್ಯರಿಗೆ ತೋರಿಸಬೇಕು.