ಖಾತೆ ಎಂಬ ಶಬ್ದವೂ ನಿವೇಶನದ ಒಡೆತನವೂ

ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರ ಹೋಬಳಿಯಲ್ಲಾಗಲಿ ನಾಡಿನ ಇತರೆಡೆಗಳಲ್ಲಾಗಲಿ, ನಿವೇಶನದ ಪ್ರಸ್ತಾಪ ಬಂದೊಡನೆ ಹುಟ್ಟುವ ಪ್ರಶ್ನೆ, ಖಾತೆ ಯಾರ ಹೆಸರಿನಲ್ಲಿದೆ ಎಂಬುದು. ಆ ಹೆಸರಿನವನೇ ಒಡೆಯನೆಂದು ಭಾವಿಸುವುದು ಲೋಕರೂಢಿ. ಈ ರೂಢಿಯನ್ನು ಶಬ್ದಾರ್ಥವೇ ಸಮರ್ಥಿಸುವುದಿಲ್ಲ.

ಸಂಸ್ಕೃತದಲ್ಲಿ ಖನ್ ಧಾತುವಿನಿಂದಾದ ‘ಖಾತ’ ಶಬ್ದಕ್ಕೆ ಅಗೆಯಲ್ಪಟ್ಟುದು ಎಂದರ್ಥ. ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಬರುವ ಖಾತವ್ಯವಹಾರವು ಹಳ್ಳಕೊಳಗಳ ಗಣಿತವೇ ಹೊರತು ಲೆಕ್ಕದ ಪುಸ್ತಕದ ವಿಚಾರವಲ್ಲ. ನಮ್ಮ ಖಾತೆಯಾದರೋ ಮರಾಠಿಯ ‘ಖಾತೇಂ’, ಹಿಂದಿಯ ‘ಖಾತಾ’ ಎಂಬವುಗಳ ಬಳಗಕ್ಕೆ ಸೇರಿದುದು. ವರ್ತಕನು ದಿನದಿನದ ಕೊಡುಕೊಳೆಯನ್ನು ಖಿರ್ದಿಯಲ್ಲಿ ಬರೆದು, ಬಳಿಕ ಒಬ್ಬೊಬ್ಬ ಗಿರಾಕಿಯ ಹೆಸರಿಗೆ ವಿಂಗಡಿಸುವನು. ಹಾಗೆ ಒಂದು ಹೆಸರಿನಡಿಯಲ್ಲಿ ಕೂಡಿಸಿದ ಲೆಕ್ಕವೇ ಖಾತೆ. ಮಂತ್ರಿಗಳ ‘ಖಾತೆ’ಯಲ್ಲಿಯೂ ಈ ವಿಂಗಡಣೆಯ ಅರ್ಥವೇ ಉಳಿದಿದೆ.

ನಿವೇಶನದ ಖಾತೆಯೂ ಇಂಥದೇ. ಗ್ರಾಮಪಂಚಾಯತಿಯ ನಮೂನೆ 9ರಲ್ಲಿ ಸ್ವತ್ತಿನ ಸಂಖ್ಯೆ, ಅಳತೆ, ಚಕ್ಕುಬಂದಿ, ಹೆಸರು ಇರುತ್ತವೆ. ನಮೂನೆ 11ರಲ್ಲಿ ತೆರಿಗೆಯ ಬೇಡಿಕೆ, ವಸೂಲಿ, ಬಾಕಿಗಳು. ಕಂದಾಯವನ್ನು ಯಾರಿಂದ ಕೇಳಬೇಕೆಂಬುದಕ್ಕೆ ಉತ್ತರವಿದು. ಸ್ವತ್ತು ಅವನಿಗೆ ಹೇಗೆ ಬಂತೆಂಬುದಕ್ಕೆ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನೇ ನೋಡಬೇಕು. ಕಂದಾಯದ ದಾಖಲೆಯಲ್ಲಿ ಹೆಸರು ಬದಲಾದುದರಿಂದ ಸ್ವಾಮ್ಯವು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲವೆಂದು ಸವರ್ಣಿ ಮತ್ತು ಇಂದರ್ ಕೌರ್ ನಡುವಣ ಮೊಕದ್ದಮೆಯಲ್ಲಿ 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ.

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಗೃಹಸ್ಥನೊಬ್ಬನು ತನ್ನ ಸ್ವಯಾರ್ಜಿತವಾದ, 30 ಅಡಿ ಅಗಲ 40 ಅಡಿ ಉದ್ದದ ನಿವೇಶನವನ್ನು ಬಿಟ್ಟು, ಮರಣಶಾಸನವಿಲ್ಲದೆ ತೀರಿಕೊಂಡನು. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ಅವನ ತಾಯಿ ಮೊದಲೇ ಗತಿಸಿದ್ದಾಳೆ. ಕಂದಾಯ ಕಟ್ಟುವ ಅನುಕೂಲಕ್ಕೆಂದು ಹಿರಿಯ ಮಗನ ಹೆಸರಿಗೆ ಪೌತಿ ಖಾತೆ ಮಾಡಿಸಿದರು. (ಪೌತಿ ಎಂಬುದು ಮರಣಾರ್ಥಕವಾದ ಅರಬ್ಬೀ ‘ಫೌತ್’ ಶಬ್ದದಿಂದ ಬಂದುದು, ಅದರಲ್ಲಿ ಸತ್ತವನ ಸುದ್ದಿಯುಂಟು, ಪಾಲಿನ ಸುದ್ದಿಯಿಲ್ಲ.) 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಪ್ರಕಾರ ನಾಲ್ವರಿಗೂ ಸಮಭಾಗ: 1200 ಚದರಡಿಯಲ್ಲಿ ತಲಾ 300. ವರ್ಷಗಳ ಮೇಲೆ ಹಿರಿಯನೊಬ್ಬನೇ ಇಡೀ ನಿವೇಶನಕ್ಕೆ ಕ್ರಯಪತ್ರ ಬರೆದುಕೊಟ್ಟನು. ಖಾತೆಯು ಕೊಂಡವನ ಹೆಸರಿಗೆ ತಿರುಗಿತು. ಆದರೂ ಅವನಿಗೆ ದಕ್ಕಿದುದು ಹಿರಿಯನ ಕಾಲುಪಾಲು ಮಾತ್ರ. ವಿಧವೆ ತಾಯಿಯೂ ಮಗಳೂ ತಮ್ಮ ಹೆಸರು ಖಾತೆಯಲ್ಲಿಲ್ಲವೆಂದು ಸುಮ್ಮನಾದರೆ, ಇದ್ದ ಹಕ್ಕನ್ನು ಕೇಳದೆಯೇ ಕಳೆದುಕೊಂಡಂತಾಗುವುದು.

ಕೊಳ್ಳುವವನು ಖಾತೆಯಲ್ಲಿನ ಹೆಸರಿಗೆ ತೃಪ್ತನಾಗದೆ, ಆ ಹೆಸರು ಯಾವ ಆಧಾರದಿಂದ ಅಲ್ಲಿಗೆ ಬಂತೆಂದು ವಿಚಾರಿಸಬೇಕು. ಪೌತಿಯಿಂದ ಬಂದಿದ್ದರೆ ವಂಶವೃಕ್ಷವನ್ನು ತರಿಸಿ, ಅದರಲ್ಲಿರುವ ವಾರಸುದಾರರೆಲ್ಲ ಕ್ರಯಪತ್ರಕ್ಕೆ ರುಜು ಹಾಕುವರೋ, ಅಥವಾ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಬರೆದುಕೊಟ್ಟಿರುವರೋ ನೋಡಬೇಕು. ಬರಿಯ ಒಪ್ಪಿಗೆಯ ಚೀಟಿಯಿಂದ ಪಾಲು ಬಿಟ್ಟಂತಾಗದು.