ರಾಮಾ ರಾಮಾ ರೇ

ಡಿ. ಸತ್ಯಪ್ರಕಾಶ್ ನಿರ್ದೇಶಿಸಿ 2016ರಲ್ಲಿ ತೆರೆಕಂಡ ಕನ್ನಡದ ಪಯಣಪ್ರಧಾನ ಚಲನಚಿತ್ರ. ಪಾತ್ರಗಳು ದಾರಿಯಲ್ಲೇ ಕೂಡಿ, ದಾರಿಯಲ್ಲೇ ಬದಲಾಗುವ 'ರೋಡ್ ಮೂವಿ' ಪ್ರಕಾರಕ್ಕೆ ಸೇರಿದ್ದು. ಗಲ್ಲುಶಿಕ್ಷೆಗೆ ಗುರಿಯಾದ ಕೈದಿಯೊಬ್ಬ ಜೈಲಿನಿಂದ ತಪ್ಪಿಸಿಕೊಂಡು ವೃದ್ಧನೊಬ್ಬನ ಜೀಪು ಹತ್ತುತ್ತಾನೆ. ಜೀಪು ಓಡಿಸುವವನೇ ಅವನನ್ನು ನೇಣಿಗೇರಿಸಬೇಕಾದವನು. ಓಡಿಹೋದ ಪ್ರೇಮಿಗಳೂ ಇದೇ ಜೀಪಿನಲ್ಲಿ ಜೊತೆಯಾಗುತ್ತಾರೆ. ವೃದ್ಧನಾಗಿ ಕೆ. ಜಯರಾಂ, ಕೈದಿಯಾಗಿ ನಟರಾಜ್, ಪ್ರೇಮಿಯಾಗಿ ಧರ್ಮಣ್ಣ ಕಡೂರು ನಟಿಸಿದ್ದಾರೆ. ಕಥೆ ಬಯಲು ನಾಡಿನ ಬಿಸಿಲು ರಸ್ತೆಗಳಲ್ಲಿ ಸಾಗುತ್ತದೆ. ಬೆನ್ನಟ್ಟುವ ರಭಸಕ್ಕಿಂತ ಜೀಪಿನೊಳಗಿನ ಮಾತೇ ಹೆಚ್ಚು. ತೆಲುಗಿನಲ್ಲಿ 'ಆಟಗದರಾ ಶಿವ' ಎಂಬ ಹೆಸರಿನಲ್ಲಿ ಮರುನಿರ್ಮಾಣಗೊಂಡಿದೆ.