ಆಸನ ಮತ್ತು ಅನುಕ್ರಮ ಸಮಸ್ಯೆಗಳು

ಆಸನ ಮತ್ತು ಅನುಕ್ರಮ ಸಮಸ್ಯೆಗಳು ತಾರ್ಕಿಕ ಸಾಮರ್ಥ್ಯ ಪರೀಕ್ಷೆಗಳಲ್ಲಿ ಕೇಳಲಾಗುವ ಒಂದು ಬಗೆಯ ಪ್ರಶ್ನೆಗಳು. ವ್ಯಕ್ತಿಗಳನ್ನು ಅಥವಾ ವಸ್ತುಗಳನ್ನು ಕೊಟ್ಟಿರುವ ನಿಬಂಧನೆಗಳಿಗೆ ಅನುಗುಣವಾಗಿ ಸಾಲಾಗಿ ಜೋಡಿಸುವುದು ಇವುಗಳ ತಿರುಳು.

== ಉದಾಹರಣೆ ==
ಬೀರೂರು–ತಾಳಗುಪ್ಪ ರೈಲು ಮಾರ್ಗದ ಐದು ನಿಲ್ದಾಣಗಳನ್ನು ಬೀರೂರಿನ ಕಡೆಯಿಂದ ಕ್ರಮವಾಗಿ ಜೋಡಿಸಬೇಕೆಂದಿರಲಿ. ಉಳಿದ ನಿಲ್ದಾಣಗಳನ್ನು ಪರಿಗಣಿಸುವಂತಿಲ್ಲ.

# ಭದ್ರಾವತಿಯ ಮರುನಿಲ್ದಾಣವೇ ಶಿವಮೊಗ್ಗ.
# ಶಿವಮೊಗ್ಗದ ನಂತರ ಒಂದು ನಿಲ್ದಾಣ ಬಿಟ್ಟು ಸಾಗರ.
# ತರೀಕೆರೆ ಆನಂದಪುರಕ್ಕಿಂತ ಮೊದಲು.
# ಆನಂದಪುರ ಕೊನೆಯದಲ್ಲ.

== ಕೋಷ್ಟಕ ರಚನೆ ==
ಮೊದಲೆರಡು ನಿಬಂಧನೆಗಳು ಸೇರಿ ನಾಲ್ಕು ಸ್ಥಾನಗಳ ಒಂದು ಗುಂಪಾಗುತ್ತವೆ: ಭದ್ರಾವತಿ, ಶಿವಮೊಗ್ಗ, ಖಾಲಿ, ಸಾಗರ. ಈ ಗುಂಪು 1ನೇ ಅಥವಾ 2ನೇ ಸ್ಥಾನದಿಂದ ಮಾತ್ರ ಆರಂಭವಾಗಬಲ್ಲದು. ಉಳಿದ ಎರಡು ಸ್ಥಾನಗಳನ್ನು ಮೂರನೇ ನಿಬಂಧನೆಯಂತೆ ತುಂಬಿದರೆ ಕೋಷ್ಟಕ ಹೀಗಾಗುತ್ತದೆ:

| ಸಾಧ್ಯತೆ | 1 | 2 | 3 | 4 | 5 |
|---|---|---|---|---|---|
| ಅ | ಭದ್ರಾವತಿ | ಶಿವಮೊಗ್ಗ | ತರೀಕೆರೆ | ಸಾಗರ | ಆನಂದಪುರ |
| ಆ | ತರೀಕೆರೆ | ಭದ್ರಾವತಿ | ಶಿವಮೊಗ್ಗ | ಆನಂದಪುರ | ಸಾಗರ |

ನಾಲ್ಕನೇ ನಿಬಂಧನೆ ‘ಅ’ ಸಾಲನ್ನು ತೆಗೆದುಹಾಕುತ್ತದೆ. ‘ಆ’ ಉತ್ತರವಾಗಿ ಉಳಿಯುತ್ತದೆ.

== ಸಾಮಾನ್ಯ ದೋಷ ==
ಮೊದಲು ಹೊಂದಿಕೆಯಾದ ಸಾಲಿನಲ್ಲೇ ನಿಲ್ಲುವುದು ಸಾಮಾನ್ಯ ತಪ್ಪು. ನಾಲ್ಕನೇ ನಿಬಂಧನೆ ಇಲ್ಲದಿದ್ದರೆ ಎರಡೂ ಸಾಲುಗಳು ಸರಿಯಾಗುತ್ತವೆ. ಆಗ ಮೂರನೇ ನಿಲ್ದಾಣ ಯಾವುದೆಂಬ ಪ್ರಶ್ನೆಗೆ ‘ನಿರ್ಧರಿಸಲಾಗದು’ ಎಂಬುದೇ ಉತ್ತರ. ಮಾರ್ಗವನ್ನು ಬಲ್ಲವರು ‘ಶಿವಮೊಗ್ಗ’ ಎಂದು ಬರೆದರೂ ಅದು ತಪ್ಪೇ, ಏಕೆಂದರೆ ಕೊಟ್ಟಿರುವ ನಿಬಂಧನೆಗಳಿಂದ ಅದು ಸಿದ್ಧವಾಗುವುದಿಲ್ಲ.